ಕಲ್ಲಂಗಡಿಯ ಅಂಕಿ, ತಟ್ಟೆಯ ಲೆಕ್ಕ

ಬೇಸಿಗೆ ಕಾಲಿಟ್ಟಿತೆಂದರೆ ಚನ್ನರಾಯಪಟ್ಟಣದಿಂದ ಹಾಸನದವರೆಗೆ ಹೆದ್ದಾರಿಯ ಬದಿಯಲ್ಲಿ ಕಲ್ಲಂಗಡಿಯ ರಾಶಿಗಳು ಏಳುತ್ತವೆ. ಹೊಳೆನರಸೀಪುರ, ಅರಕಲಗೂಡಿನ ಸಂತೆಗಳಲ್ಲೂ ಹಣ್ಣು ಕೊಯ್ದು, ಕೆಂಪು ತಿರುಳು ಕಾಣುವಂತೆ ಜೋಡಿಸಿಟ್ಟಿರುತ್ತಾರೆ. ಆದರೆ ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಿ ಈ ಹಣ್ಣಿಗೆ ಪ್ರವೇಶವಿಲ್ಲ. ಅದರ ಜೊತೆಗೆ ಕ್ಯಾರೆಟ್ಟನ್ನೂ ದೂರ ಇಟ್ಟವರಿದ್ದಾರೆ. ಕೇಳಿದರೆ ಸಿಗುವ ಉತ್ತರ ಒಂದೇ: ಎರಡೂ ಸಿಹಿ, ಎರಡರ ಗ್ಲೈಸೆಮಿಕ್ ಇಂಡೆಕ್ಸ್ ಜಾಸ್ತಿ. ಮೊಬೈಲಿನಲ್ಲಿ ಹರಿದಾಡುವ ಪಟ್ಟಿಗಳಲ್ಲಿ ಕಲ್ಲಂಗಡಿಯ ಎದುರು 72 ಅಥವಾ 76 ಎಂದಿರುತ್ತದೆ. 70 ದಾಟಿದ್ದೆಲ್ಲ ಕೆಂಪು ಸಾಲಿನಲ್ಲಿರುತ್ತದೆ. ಅದೇ ಮನೆಯಲ್ಲಿ ಮಧ್ಯಾಹ್ನ ಎರಡು ಮುದ್ದೆ, ಅದರ ಮೇಲೆ ಒಂದು ಸೌಟು ಅನ್ನ, ಸಾರಿನಲ್ಲಿ ಆಲೂಗಡ್ಡೆ ಯಾರ ಆಕ್ಷೇಪಣೆಯೂ ಇಲ್ಲದೆ ನಡೆಯುತ್ತದೆ. ನನ್ನ ವಾದ ಇಷ್ಟೇ: ಪಟ್ಟಿಯಲ್ಲಿರುವ ಆ ಅಂಕಿ ಸುಳ್ಳಲ್ಲ, ಆದರೆ ಅದು ನಮ್ಮ ತಟ್ಟೆಯ ಬಗ್ಗೆ ಹೇಳಿದ ಮಾತೇ ಅಲ್ಲ. ತಟ್ಟೆಯ ಬಗ್ಗೆ ಹೇಳುವ ಅಂಕಿ ಬೇರೆ ಇದೆ. ಅದನ್ನು ಗ್ಲೈಸೆಮಿಕ್ ಲೋಡ್ ಅನ್ನುತ್ತಾರೆ, ಸಕ್ಕರೆಯ ಹೊರೆ ಎಂದಿಟ್ಟುಕೊಳ್ಳೋಣ. ಆ ಲೆಕ್ಕ ಹಾಕಿ ನೋಡಿದರೆ ಹಾಸನ ಜಿಲ್ಲೆಯ ಊಟದಲ್ಲಿ ನಾವು ಹೆದರುತ್ತಿರುವುದು ತಪ್ಪು ಪದಾರ್ಥಕ್ಕೆ.

ಮೊದಲು ಆ ಅಂಕಿ ಹುಟ್ಟಿದ ಬಗೆ ತಿಳಿಯಬೇಕು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ 62 ಆಹಾರ ಪದಾರ್ಥಗಳನ್ನು ಪರೀಕ್ಷಿಸಿ ಮೊದಲ ಪಟ್ಟಿ ಪ್ರಕಟಿಸಿದರು. ಇಂದಿಗೂ ವಿಧಾನ ಹೆಚ್ಚುಕಡಿಮೆ ಅದೇ. ರಾತ್ರಿಯಿಡೀ ಉಪವಾಸವಿದ್ದ ಆರೋಗ್ಯವಂತರಿಗೆ ಬೆಳಿಗ್ಗೆ ಒಂದು ಪದಾರ್ಥವನ್ನಷ್ಟೇ ಕೊಡುತ್ತಾರೆ. ಎಷ್ಟು ಕೊಡುತ್ತಾರೆ ಎನ್ನುವುದರಲ್ಲೇ ಇಡೀ ಗುಟ್ಟಿದೆ: ದೇಹ ಅರಗಿಸಿಕೊಳ್ಳಬಲ್ಲ ಕಾರ್ಬೋಹೈಡ್ರೇಟ್ ಸರಿಯಾಗಿ 50 ಗ್ರಾಂ ಸಿಗುವಷ್ಟು. ಆಮೇಲೆ ಮೊದಲ ಒಂದು ಗಂಟೆಯಲ್ಲಿ ಕಾಲು ಗಂಟೆಗೊಮ್ಮೆ, ನಂತರ ಅರ್ಧ ಗಂಟೆಗೊಮ್ಮೆ, ಒಟ್ಟು ಎರಡು ಗಂಟೆ ಕಾಲ ಬೆರಳಿನಿಂದ ರಕ್ತ ತೆಗೆದು ಸಕ್ಕರೆ ಅಳೆಯುತ್ತಾರೆ. ರಕ್ತದ ಸಕ್ಕರೆ ಏರಿ ಇಳಿದ ಗೆರೆಯ ಕೆಳಗಿನ ವಿಸ್ತೀರ್ಣವನ್ನು, ಅದೇ ಜನ ಇನ್ನೊಂದು ದಿನ 50 ಗ್ರಾಂ ಶುದ್ಧ ಗ್ಲೂಕೋಸ್ ಕುಡಿದಾಗ ಬಂದ ವಿಸ್ತೀರ್ಣದೊಂದಿಗೆ ಹೋಲಿಸುತ್ತಾರೆ. ಗ್ಲೂಕೋಸಿಗೆ 100 ಎಂದಿಟ್ಟರೆ ಈ ಪದಾರ್ಥಕ್ಕೆ ಎಷ್ಟು? ಅದೇ ಗ್ಲೈಸೆಮಿಕ್ ಸೂಚ್ಯಂಕ. 55ರವರೆಗೆ ಕಡಿಮೆ, 70 ಮತ್ತು ಅದಕ್ಕಿಂತ ಮೇಲೆ ಹೆಚ್ಚು, ನಡುವಿನದು ಮಧ್ಯಮ.

ಈಗ ಆ 50 ಗ್ರಾಂ ಎಂಬ ಷರತ್ತನ್ನು ಕಲ್ಲಂಗಡಿಗೆ ಅನ್ವಯಿಸಿ ನೋಡಿ. ಕಲ್ಲಂಗಡಿಯ ತಿರುಳಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ನೀರು. ಉಳಿದದ್ದರಲ್ಲಿ ಅರಗುವ ಕಾರ್ಬೋಹೈಡ್ರೇಟ್, 100 ಗ್ರಾಂ ತಿರುಳಿಗೆ ಹೆಚ್ಚೆಂದರೆ 7 ಗ್ರಾಂ ಸುತ್ತಮುತ್ತ. ಕ್ಯಾರೆಟ್ಟಿನದೂ ನಾರು ಕಳೆದರೆ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ 50 ಗ್ರಾಂ ತುಂಬಿಸಲು ಸಿಪ್ಪೆ, ಬೀಜ ತೆಗೆದ 700 ಗ್ರಾಂ ಕಲ್ಲಂಗಡಿ ಬೇಕು. ಕ್ಯಾರೆಟ್ ಆದರೆ ಮುಕ್ಕಾಲು ಕಿಲೋ ಹತ್ತಿರ, ಬೇರೇನೂ ಸೇರಿಸದೆ, ಖಾಲಿ ಹೊಟ್ಟೆಯಲ್ಲಿ, ಒಂದೇ ಸಲಕ್ಕೆ. ಒಂದು ಪಲ್ಯಕ್ಕೆ ಇಡೀ ಸಂಸಾರ ಬಳಸುವ ಕ್ಯಾರೆಟ್ಟನ್ನು ಒಬ್ಬರೇ ಕೂತು ತಿಂದರೆ ಏನಾದೀತು ಎಂಬ ಪ್ರಶ್ನೆಗೆ ಬಂದ ಉತ್ತರವನ್ನು ನಾವು ಸಾರಿನಲ್ಲಿ ತೇಲುವ ನಾಲ್ಕು ಹೋಳುಗಳಿಗೆ ಅನ್ವಯಿಸುತ್ತಿದ್ದೇವೆ. ಸೂಚ್ಯಂಕ ಹೇಳುವುದು ಗುಣವನ್ನು. ನಾವು ಎಷ್ಟು ತಿಂದೆವು ಎನ್ನುವುದು ಅದಕ್ಕೆ ಗೊತ್ತೇ ಇಲ್ಲ.

ಆ ಕೊರತೆಯನ್ನು ತುಂಬಿದ್ದು ಅಮೆರಿಕದ ಹಾರ್ವರ್ಡ್ ಸಂಶೋಧಕರು. ಹೊರ್ಹೆ ಸಾಲ್ಮೆರೋನ್, ವಾಲ್ಟರ್ ವಿಲೆಟ್ ಮುಂತಾದವರು 65 ಸಾವಿರಕ್ಕೂ ಹೆಚ್ಚು ನರ್ಸುಗಳ ಊಟದ ವಿವರಗಳನ್ನು ಆರು ವರ್ಷ ಹಿಂಬಾಲಿಸಿ 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಾರಿಗೆ ಮುಂದೆ ಸಕ್ಕರೆ ಕಾಯಿಲೆ ಬಂತು ಎಂದು ನೋಡುವಾಗ ಅವರು ಗುಣ, ಪ್ರಮಾಣ ಎರಡನ್ನೂ ಗುಣಿಸಿದರು. ಸೂತ್ರ ಶಾಲಾ ಮಕ್ಕಳೂ ಮಾಡಬಹುದಾದಷ್ಟು ಸರಳ: ತಿಂದ ಪಾಲಿನಲ್ಲಿರುವ ಕಾರ್ಬೋಹೈಡ್ರೇಟಿನ ಗ್ರಾಂಗಳನ್ನು ಸೂಚ್ಯಂಕದಿಂದ ಗುಣಿಸಿ, 100ರಿಂದ ಭಾಗಿಸಿ. ಬಂದ ಸಂಖ್ಯೆ 10ರೊಳಗಿದ್ದರೆ ಹೊರೆ ಕಡಿಮೆ, 20 ಮುಟ್ಟಿದರೆ ಹೆಚ್ಚು. ಹೆಚ್ಚು ಹೊರೆಯ ಊಟ ಮಾಡುತ್ತ, ಧಾನ್ಯದ ನಾರನ್ನು ತೀರಾ ಕಡಿಮೆ ತಿನ್ನುತ್ತಿದ್ದ ಮಹಿಳೆಯರಿಗೆ, ಇದಕ್ಕೆ ತದ್ವಿರುದ್ಧವಾದ ಊಟದವರಿಗಿಂತ ಕಾಯಿಲೆಯ ಅಪಾಯ ಎರಡೂವರೆ ಪಟ್ಟು ಇತ್ತು ಎಂಬುದು ಅವರ ಮುಖ್ಯ ಫಲಿತಾಂಶಗಳಲ್ಲೊಂದು. ಗೊರೂರಿನ ಹೇಮಾವತಿ ನಾಲೆ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ತೂಬಿನಲ್ಲಿ ನೀರು ಎಷ್ಟು ರಭಸವಾಗಿ ಬರುತ್ತದೆ ಎನ್ನುವುದೊಂದೇ ಗದ್ದೆ ಮುಳುಗುವುದನ್ನು ತೀರ್ಮಾನಿಸುವುದಿಲ್ಲ, ತೂಬು ಎಷ್ಟು ಅಗಲ ತೆರೆದಿದೆ ಎನ್ನುವುದೂ ಬೇಕು.

ಇನ್ನು ಜಿಲ್ಲೆಯ ತಟ್ಟೆಗೇ ಬರೋಣ. ಹಾಸನಕ್ಕೂ ಆಲೂಗಡ್ಡೆಗೂ ಇರುವ ನಂಟು ಹೊಸದಲ್ಲ. ಅಂಗಮಾರಿ ರೋಗದ ಹೊಡೆತಕ್ಕೆ ಸಿಕ್ಕಿ ಬಿತ್ತನೆ ಕುಗ್ಗಿದೆಯಾದರೂ ಇಂದಿಗೂ ಮುಂಗಾರಿನ ಹೊತ್ತಿಗೆ ಹಾಸನದ ಎಪಿಎಂಸಿಯಲ್ಲಿ ಬಿತ್ತನೆ ಗಡ್ಡೆಯ ವ್ಯಾಪಾರ ಜೋರು. 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪಟ್ಟಿಯ ಪ್ರಕಾರ ಬೇಯಿಸಿದ ಆಲೂಗಡ್ಡೆಯ ಸೂಚ್ಯಂಕ ಸರಾಸರಿ 78, ಕಲ್ಲಂಗಡಿಯದು 76. ಅಂಕಿ ನೋಡಿದರೆ ಎರಡೂ ಅವಳಿ ಜವಳಿ. ಈಗ ಎರಡನ್ನೂ ಒಂದೇ ತೂಕಕ್ಕೆ, 150 ಗ್ರಾಂಗೆ, ಅಳೆಯಿರಿ. ಒಂದು ಬಟ್ಟಲು ಕಲ್ಲಂಗಡಿ ಹೋಳಿನಲ್ಲಿ ಕಾರ್ಬೋಹೈಡ್ರೇಟ್ ಹತ್ತೂವರೆ ಗ್ರಾಂ. 76ರಿಂದ ಗುಣಿಸಿ 100ರಿಂದ ಭಾಗಿಸಿದರೆ ಹೊರೆ 8. ಅಷ್ಟೇ ತೂಕದ ಆಲೂಗಡ್ಡೆಯಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಹೊರೆ 20 ಹತ್ತಿರ. ಹೆಚ್ಚುಕಡಿಮೆ ಒಂದೇ ಸೂಚ್ಯಂಕ, ಒಂದೇ ತೂಕ, ಆದರೂ ರಕ್ತಕ್ಕೆ ಇಳಿಯುವುದು ಎರಡೂವರೆ ಪಟ್ಟು. ವ್ಯತ್ಯಾಸ ಮಾಡಿದ್ದು ಸಿಹಿಯಲ್ಲ, ನೀರು. ನಾಲಿಗೆಗೆ ಆಲೂಗಡ್ಡೆ ಸಿಹಿಯೇ ಅಲ್ಲ, ಕಲ್ಲಂಗಡಿ ಜೇನು. ಸಕ್ಕರೆ ಕಾಯಿಲೆಯಲ್ಲಿ ನಾಲಿಗೆಯ ಸಾಕ್ಷ್ಯವನ್ನು ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕ್ಯಾರೆಟ್ಟಿನ ಕಥೆ ಇನ್ನೂ ಅನ್ಯಾಯದ್ದು. 1981ರ ಆ ಮೊದಲ ಪಟ್ಟಿಯಲ್ಲಿ ಕ್ಯಾರೆಟ್ಟಿಗೆ ಬಂದ ಅಂಕಿ 92, ಅಂದರೆ ಶುದ್ಧ ಗ್ಲೂಕೋಸಿಗಿಂತ ಸ್ವಲ್ಪವೇ ಕಡಿಮೆ. ಬೆರಳೆಣಿಕೆಯ ಜನರ ಮೇಲೆ ನಡೆದ ಪರೀಕ್ಷೆಯದು, ಫಲಿತಾಂಶದಲ್ಲಿ ಏರುಪೇರೂ ಬಹಳ ಇತ್ತು. ಮುಂದೆ ಬೇರೆ ಬೇರೆ ಕಡೆ ಮತ್ತೆ ಮತ್ತೆ ಅಳೆದಾಗ ಅಂಕಿ ಇಳಿಯುತ್ತಲೇ ಬಂತು. 2002ರ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸರಾಸರಿ 47, 2008ರ ಪಟ್ಟಿಯಲ್ಲಿ ಬೇಯಿಸಿದ ಕ್ಯಾರೆಟ್ಟಿಗೆ 39. ಹಸಿ ಕ್ಯಾರೆಟ್ಟಿನದು ಇನ್ನೂ ಕಡಿಮೆ, ಏಕೆಂದರೆ ಬೇಯಿಸದ ಜೀವಕೋಶದ ಗೋಡೆಗಳು ಒಳಗಿನ ಸಕ್ಕರೆಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ವಿಜ್ಞಾನ ತನ್ನ ಅಂಕಿಯನ್ನು ತಿದ್ದಿಕೊಂಡಿತು. ಆದರೆ 92 ಎಂಬ ಹಳೆಯ ಅಂಕಿ ಪಥ್ಯದ ಪುಸ್ತಕಗಳಿಂದ ಪಥ್ಯದ ಚೀಟಿಗಳಿಗೆ, ಅಲ್ಲಿಂದ ಅಕ್ಕಪಕ್ಕದ ಮನೆಗಳಿಗೆ ದಾಟಿ ಗಟ್ಟಿಯಾಗಿ ಕೂತುಬಿಟ್ಟಿತು. ಅದಕ್ಕಿಂತ ಮುಖ್ಯವಾದ ಮಾತು ಬೇರೆಯೇ ಇದೆ. ಆ 92 ನಿಜವೇ ಎಂದು ವಾದಕ್ಕಾಗಿ ಒಪ್ಪಿಕೊಳ್ಳಿ. ಊಟಕ್ಕೆ 80 ಗ್ರಾಂ ಕ್ಯಾರೆಟ್ ತಿಂದರೆ ಅದರಲ್ಲಿರುವುದು ಐದೂವರೆ ಗ್ರಾಂ ಕಾರ್ಬೋಹೈಡ್ರೇಟ್. ಹೊರೆ 5. ಇಂದಿನ 39 ಹಿಡಿದರೆ 2. ತಪ್ಪು ಅಂಕಿಯಿಂದ ಲೆಕ್ಕ ಹಾಕಿದರೂ ಕ್ಯಾರೆಟ್ ನಿರಪರಾಧಿ. ಪ್ರಮಾಣವನ್ನು ಲೆಕ್ಕಕ್ಕೆ ಹಿಡಿದಿದ್ದರೆ 1981ರಲ್ಲೇ ಯಾರೂ ಕ್ಯಾರೆಟ್ ಬಿಡಬೇಕಾಗಿರಲಿಲ್ಲ.

ಈಗ ಮುದ್ದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರು ಬಿಟ್ಟು ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಮನೆಯಲ್ಲಿ ಕಟ್ಟುವ ಮಧ್ಯಮ ಗಾತ್ರದ ಒಂದು ಮುದ್ದೆಗೆ 75 ಗ್ರಾಂ ಹಿಟ್ಟು ಹಿಡಿಯಿತು ಎನ್ನಿ. ಅದರಲ್ಲಿ 50 ಗ್ರಾಂ. ಅಂದರೆ ಪರೀಕ್ಷಾಲಯದವರು ಕಲ್ಲಂಗಡಿಯಲ್ಲಿ 700 ಗ್ರಾಂ ತಿನ್ನಿಸಿ ತುಂಬಿಸಿದ ಅಳತೆಯನ್ನು ಒಂದೇ ಒಂದು ಮುದ್ದೆ ತುಂಬಿಬಿಡುತ್ತದೆ. ರಾಗಿಯ ಸೂಚ್ಯಂಕ ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗಿದೆ. ಹಿಟ್ಟು ಎಷ್ಟು ನುಣ್ಣಗಿದೆ, ಜರಡಿ ಹಿಡಿದದ್ದೇ, ಎಷ್ಟು ಬೆಂದಿದೆ ಎಂಬುದರ ಮೇಲೆ ಅದು ಏರಿಳಿಯುತ್ತದೆ. ರಾಗಿಯ ಪರವಾಗಿಯೇ ನಿಂತು 60 ಎಂದು ಹಿಡಿಯೋಣ. ಒಂದು ಮುದ್ದೆಯ ಹೊರೆ 30, ಎರಡಕ್ಕೆ 60. ಒಂದು ಮುದ್ದೆಗೆ ಸಮನಾಗಬೇಕಾದರೆ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಂಗಡಿ ತಿರುಳು, ಇಲ್ಲವೇ ಒಂದು ಕಿಲೋಗೂ ಮೀರಿದ ಬೇಯಿಸಿದ ಕ್ಯಾರೆಟ್ ಬೇಕು. ಇಡೀ ದಿನದ ಹೊರೆ 80ರೊಳಗಿದ್ದರೆ ಕಡಿಮೆ, 120 ದಾಟಿದರೆ ಹೆಚ್ಚು ಎಂಬುದು ಪಥ್ಯ ತಜ್ಞರು ಬಳಸುವ ಒಂದು ಸ್ಥೂಲ ಅಳತೆ. ಮಧ್ಯಾಹ್ನ ಎರಡು, ರಾತ್ರಿ ಎರಡು ಮುದ್ದೆ ಉಂಡವರು ಬೇರೇನನ್ನೂ ಮುಟ್ಟದೆಯೇ ಆ ಮೇಲಿನ ಗೆರೆಯಲ್ಲಿ ನಿಂತಿರುತ್ತಾರೆ. ಅದರ ಮೇಲೆ ಅನ್ನ, ಬೆಳಗಿನ ಇಡ್ಲಿ, ಎರಡು ಹೊತ್ತಿನ ಕಾಫಿ.

ಇಲ್ಲಿ ಜಿಲ್ಲೆಯ ಓದುಗರು ಸಿಟ್ಟಾಗುವುದು ಸಹಜ. ನಮ್ಮ ಅಜ್ಜಂದಿರು ಮೂರು ಹೊತ್ತೂ ಮುದ್ದೆ ಉಂಡು ಗಟ್ಟಿಮುಟ್ಟಾಗಿದ್ದರಲ್ಲ ಎಂದು ಕೇಳುತ್ತಾರೆ. ಆಕ್ಷೇಪಣೆ ನ್ಯಾಯವಾದದ್ದು, ಅದಕ್ಕೆ ಶರೀರಶಾಸ್ತ್ರದಲ್ಲೇ ಉತ್ತರವಿದೆ. ದುಡಿಯುತ್ತಿರುವ ಮಾಂಸಖಂಡ ಇನ್ಸುಲಿನ್‌ಗಾಗಿ ಕಾಯದೆ ರಕ್ತದಿಂದ ಗ್ಲೂಕೋಸನ್ನು ನೇರವಾಗಿ ಎಳೆದುಕೊಳ್ಳಬಲ್ಲದು. ನೇಗಿಲು ಹಿಡಿದು, ಗುದ್ದಲಿ ಬೀಸಿ, ಸಂತೆಗೆ ನಡೆದು ಹೋಗಿಬರುವ ಮೈಗೆ 60ರ ಹೊರೆ ಇಂಧನ. ಅದೇ ಮೈ ಟ್ರ್ಯಾಕ್ಟರಿನ ಸೀಟಿನ ಮೇಲೋ ಅಂಗಡಿಯ ಗಲ್ಲಾದ ಹಿಂದೋ ಕೂತಾಗ ಅದು ಇಂಧನವಾಗದೆ ಉಳಿದುಬಿಡುತ್ತದೆ. ಬದಲಾದದ್ದು ಮುದ್ದೆಯಲ್ಲ, ಅದನ್ನು ಕರಗಿಸುತ್ತಿದ್ದ ದುಡಿಮೆ. ರಾಗಿಯಲ್ಲಿ ನಾರಿದೆ, ಬೇರಾವ ಧಾನ್ಯದಲ್ಲೂ ಇಲ್ಲದಷ್ಟು ಸುಣ್ಣದಂಶವಿದೆ. ಪಾಲಿಶ್ ಅಕ್ಕಿಯ ಅನ್ನಕ್ಕಿಂತ ಅದೇ ಲೇಸು. ಆದರೆ ಆರೋಗ್ಯಕರ ಎಂಬ ವಿಶೇಷಣ ಪ್ರಮಾಣಕ್ಕೆ ರಿಯಾಯಿತಿ ಕೊಡುವುದಿಲ್ಲ. ರಾಗಿ ಒಳ್ಳೆಯದೆಂದು ಮೂರನೇ ಮುದ್ದೆಗೆ ಕೈ ಹಾಕುವವರೂ, ಕಲ್ಲಂಗಡಿ ಕೆಟ್ಟದ್ದೆಂದು ಒಂದು ಹೋಳಿಗೂ ಹೆದರುವವರೂ ಮಾಡುತ್ತಿರುವ ತಪ್ಪು ಒಂದೇ: ಇಬ್ಬರೂ ಗುಣ ನೋಡಿ ತೂಕ ಮರೆತಿದ್ದಾರೆ.

ಎರಡನೆಯ ಆಕ್ಷೇಪಣೆ ವೈದ್ಯರಿಂದ ಬರುತ್ತದೆ, ಅದರಲ್ಲಿ ಸತ್ಯವಿದೆ. ಬೇಸಿಗೆಯಲ್ಲಿ ಯಾರೂ 150 ಗ್ರಾಂ ಅಳೆದು ಕಲ್ಲಂಗಡಿ ತಿನ್ನುವುದಿಲ್ಲ, ಹಣ್ಣು ಕೊಯ್ದರೆ ಅರ್ಧ ಮುಗಿಸಿಯೇ ಏಳುತ್ತಾರೆ, ಹಾಗಾಗಿ ಬೇಡ ಎನ್ನುವುದೇ ಕ್ಷೇಮ ಎನ್ನುತ್ತಾರೆ. ಮೂರು ಕಿಲೋ ಹಣ್ಣಿನ ಅರ್ಧದಲ್ಲಿ ಸಿಪ್ಪೆ ಕಳೆದು 900 ಗ್ರಾಂ ತಿರುಳು ಸಿಕ್ಕರೆ ಹೊರೆ 48 ಆಗುತ್ತದೆ, ನಿಜ. ರಸ ಮಾಡಿದರಂತೂ ಕೆಡುಕು ಬೇಗ. ಒಂದು ದೊಡ್ಡ ಲೋಟಕ್ಕೆ 350 ಗ್ರಾಂ ಹಣ್ಣು, ಮೇಲೆ ನಾಲ್ಕು ಚಮಚ ಸಕ್ಕರೆ ಬಿದ್ದರೆ ಹೊರೆ 30 ದಾಟುತ್ತದೆ. ಅಗಿಯುವ ಕೆಲಸವಿಲ್ಲದ್ದರಿಂದ ಎರಡೇ ನಿಮಿಷದಲ್ಲಿ ಒಂದು ಮುದ್ದೆಯಷ್ಟು ಒಳಗಿಳಿದಿರುತ್ತದೆ. ಕ್ಯಾರೆಟ್ ಹಲ್ವದಲ್ಲೂ ಅಷ್ಟೇ. ಅಲ್ಲಿ ಆರೋಪಿ ಕ್ಯಾರೆಟ್ ಅಲ್ಲ, ಅದರ ಜೊತೆ ಬಾಣಲೆಗೆ ಬಿದ್ದ ಸಕ್ಕರೆ. ಆದರೆ ಈ ಆಕ್ಷೇಪಣೆ ನನ್ನ ವಾದವನ್ನು ಮುರಿಯುವುದಿಲ್ಲ, ಎತ್ತಿ ಹಿಡಿಯುತ್ತದೆ. ಬಟ್ಟಲಿಗೂ ಅರ್ಧ ಹಣ್ಣಿಗೂ ಸೂಚ್ಯಂಕ ಒಂದೇ 76. ಇವೆರಡರ ನಡುವಿನ ವ್ಯತ್ಯಾಸವನ್ನು ತೋರಿಸಿಕೊಟ್ಟದ್ದು ಹೊರೆಯ ಲೆಕ್ಕವೇ. ಬೇಡವೇ ಬೇಡ ಎಂದು ಹೇಳಿಸಿಕೊಂಡವರು ಒಂದು ದಿನ ಆಸೆ ತಡೆಯಲಾರದೆ ಕದ್ದು ತಿಂದಾಗ ಅಳತೆಯಿಲ್ಲದೆ ತಿನ್ನುತ್ತಾರೆ. ಒಂದು ಬಟ್ಟಲು ತಿನ್ನಬಹುದು ಎಂದು ಗೊತ್ತಿದ್ದವರಿಗೆ ನಿಲ್ಲಿಸುವ ಜಾಗ ಗೊತ್ತಿರುತ್ತದೆ.

ಮೂರನೆಯ ಆಕ್ಷೇಪಣೆಯನ್ನು ಎತ್ತಿದವರು ಸಾಮಾನ್ಯರಲ್ಲ, ಸೂಚ್ಯಂಕದ ಜನಕ ಜೆಂಕಿನ್ಸ್ ಅವರೇ. ಅವರ ನೇತೃತ್ವದ, ಭಾರತವೂ ಸೇರಿ ಐದು ಖಂಡಗಳ ಸುಮಾರು 1 ಲಕ್ಷ 38 ಸಾವಿರ ಜನರನ್ನು ಒಳಗೊಂಡ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹೆಚ್ಚು ಸೂಚ್ಯಂಕದ ಊಟ ಮಾಡುವವರಲ್ಲಿ ಹೃದ್ರೋಗ ಮತ್ತು ಸಾವು ಹೆಚ್ಚೆಂದು ಅದು ತೋರಿಸಿತು. ಮೊದಲೇ ಹೃದಯದ ತೊಂದರೆ ಇಲ್ಲದವರಲ್ಲಿ ಹೊರೆಯ ಅಂಕಿಗೆ ಅಂಥ ಸ್ಪಷ್ಟ ಸಂಬಂಧ ಕಾಣಲಿಲ್ಲ. 2025ರ ಬೇಸಿಗೆ ಕಳೆಯುವ ಹೊತ್ತಿಗೆ ಸರಣಿ ಹೃದಯಾಘಾತದ ಸುದ್ದಿಗಳಿಂದ ತಲ್ಲಣಿಸಿದ ಹಾಸನದಲ್ಲಿ ಈ ಫಲಿತಾಂಶವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ಅಧ್ಯಯನ ಅಳೆದದ್ದು ಇಡೀ ಊಟದ ಸರಾಸರಿಯನ್ನು. ಅನ್ನ, ಬ್ರೆಡ್ಡು, ಆಲೂಗಡ್ಡೆಯಂಥ ಹೊಟ್ಟೆ ತುಂಬಿಸುವ ಪದಾರ್ಥಗಳೇ ಆ ಸರಾಸರಿಯನ್ನು ಏರಿಸಿ ಇಳಿಸುತ್ತವೆ, ಅಪರೂಪಕ್ಕೆ ತಿನ್ನುವ ಹಣ್ಣಿನ ಹೋಳಲ್ಲ. ಹಾಗಾಗಿ ಸೂಚ್ಯಂಕಕ್ಕೆ ಒಂದು ಸರಿಯಾದ ಜಾಗವಿದೆ: ಒಂದೇ ಪ್ರಮಾಣದಲ್ಲಿ ತಿನ್ನುವ, ಒಂದೇ ಜಾತಿಯ ಎರಡು ಪದಾರ್ಥಗಳ ನಡುವೆ ಆಯ್ಕೆ ಮಾಡುವಾಗ. ಪಾಲಿಶ್ ಅಕ್ಕಿಯೋ ಕೆಂಪಕ್ಕಿಯೋ, ಗಂಜಿಯೋ ಗಟ್ಟಿ ಮುದ್ದೆಯೋ ಎಂದು ಕೇಳಿಕೊಳ್ಳುವಾಗ ಅದು ಉಪಯೋಗಕ್ಕೆ ಬರುತ್ತದೆ. ಅನ್ನಕ್ಕೂ ಕಲ್ಲಂಗಡಿಗೂ ಹೋಲಿಕೆ ಮಾಡಲು ಅದನ್ನು ಬಳಸಿದರೆ ದಾರಿ ತಪ್ಪಿಸುತ್ತದೆ. ಭಾರತೀಯರ ಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತಿದೆ ಎಂದು ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ ತೋರಿಸಿದೆ. ಅದರ ಮೂಲ ಹಣ್ಣಿನ ಗಾಡಿಯಲ್ಲಿಲ್ಲ, ಅಕ್ಕಿಯ ಡಬ್ಬದಲ್ಲಿ, ಹಿಟ್ಟಿನ ಡಬ್ಬದಲ್ಲಿ ಇದೆ.

ಹೊರೆಯ ಲೆಕ್ಕಕ್ಕೂ ಮಿತಿಗಳಿವೆ. ಅದಕ್ಕೆ ಎಣ್ಣೆ ಕಾಣುವುದಿಲ್ಲ, ಉಪ್ಪು ಕಾಣುವುದಿಲ್ಲ. ಕರಿದ ತಿಂಡಿಯ ಹೊರೆ ಕಡಿಮೆ ಬಂದರೆ ಅದು ಹೃದಯಕ್ಕೆ ಒಳ್ಳೆಯದಾಗಿಬಿಡುವುದಿಲ್ಲ. ಮೂತ್ರಪಿಂಡದ ತೊಂದರೆಯಿರುವವರಿಗೆ ಕಲ್ಲಂಗಡಿ, ಕ್ಯಾರೆಟ್ ಎರಡರಲ್ಲೂ ಇರುವ ಪೊಟ್ಯಾಸಿಯಂ ಬೇರೆಯೇ ಪ್ರಶ್ನೆ, ಅದನ್ನು ಅವರ ವೈದ್ಯರೇ ತೀರ್ಮಾನಿಸಬೇಕು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡವರಿಗೆ ಸಕ್ಕರೆ ಧಿಡೀರನೆ ಕುಸಿದು ಬೆವರು, ನಡುಕ ಬಂದಾಗ, ಕಲ್ಲಂಗಡಿಯ ಸೂಚ್ಯಂಕ ಹೆಚ್ಚೆಂದು ಒಂದು ಹೋಳು ಕೊಟ್ಟು ಕೂರಬಾರದು. ಆಗ ಬೇಕಾದದ್ದು 15 ಗ್ರಾಂ ಗ್ಲೂಕೋಸ್ ಅಥವಾ ನೀರಿನಲ್ಲಿ ಕರಗಿಸಿದ ಮೂರು ಚಮಚ ಸಕ್ಕರೆ. ಹೋಳಿನಲ್ಲಿ ಅಷ್ಟಿಲ್ಲ. ಇನ್ನು, ಪಟ್ಟಿಯ ಅಂಕಿ ಸರಾಸರಿ ಅಷ್ಟೇ. ಒಂದೇ ಪದಾರ್ಥಕ್ಕೆ ಇಬ್ಬರ ಮೈ ಬೇರೆ ಬೇರೆ ರೀತಿ ಸ್ಪಂದಿಸುತ್ತದೆ, ಒಬ್ಬರದೇ ಮೈ ಎರಡು ದಿನ ಎರಡು ರೀತಿ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಬಿಳಿ ಬ್ರೆಡ್ಡನ್ನು 63 ಜನರ ಮೇಲೆ ಪರೀಕ್ಷಿಸಿದಾಗ ಸರಾಸರಿ 62 ಬಂದರೂ ಒಬ್ಬೊಬ್ಬರ ಅಂಕಿ ದೂರ ದೂರ ಚದುರಿತ್ತು.

ಆದ್ದರಿಂದ ಕೊನೆಯ ತೀರ್ಪು ನಿಮ್ಮ ಬೆರಳ ತುದಿಯದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಹೀಗೆ ಮಾಡಿ ನೋಡಿ. ಒಂದು ದಿನ ಎಂದಿನಂತೆ ಎರಡು ಮುದ್ದೆಯ ಊಟ ಮಾಡಿ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಲೆಕ್ಕ ಹಿಡಿದು ಒಂದು ಗಂಟೆಗೆ, ಎರಡು ಗಂಟೆಗೆ ಅಳೆದು ಬರೆದಿಡಿ. ಮತ್ತೊಂದು ದಿನ ಅದೇ ಹೊತ್ತಿಗೆ, ಅದೇ ಮಾತ್ರೆಯೊಂದಿಗೆ, ಒಂದೇ ಮುದ್ದೆ ಉಣ್ಣಿ. ಎರಡನೆಯದರ ಜಾಗವನ್ನು ಬಸ್ಸಾರಿನ ಸೊಪ್ಪು, ಅವರೆಕಾಳು, ಕ್ಯಾರೆಟ್ ಪಲ್ಯದಿಂದ ತುಂಬಿಸಿ. ಇನ್ನೊಂದು ದಿನ ಸಂಜೆ ಬರೀ ಒಂದು ಬಟ್ಟಲು ಕಲ್ಲಂಗಡಿ ತಿಂದು ಅದೇ ರೀತಿ ಅಳೆಯಿರಿ. ಹಣ್ಣಿನ ಸಕ್ಕರೆ ಬೇಗ ಏರಿ ಬೇಗ ಇಳಿಯುವುದರಿಂದ ಒಂದು ಗಂಟೆಯ ಅಳತೆಯನ್ನು ಬಿಡಬೇಡಿ, ಎರಡು ಗಂಟೆಯದನ್ನು ಮಾತ್ರ ನೋಡಿದರೆ ಏರಿಕೆ ತಪ್ಪಿಹೋಗಬಹುದು. ಯಂತ್ರಕ್ಕೇ ಶೇ 15ರವರೆಗೆ ಹೆಚ್ಚುಕಡಿಮೆ ತೋರಿಸುವ ಸ್ವಭಾವವಿದೆ, ಹಾಗಾಗಿ ಹತ್ತಿಪ್ಪತ್ತು ಅಂಕಿಯ ವ್ಯತ್ಯಾಸಕ್ಕೆ ಅರ್ಥ ಕಟ್ಟದೆ, ಪ್ರತಿಯೊಂದನ್ನೂ ಎರಡು ಮೂರು ಸಲ ಅಳೆಯಿರಿ. ಬರೆದಿಟ್ಟ ಹಾಳೆಯನ್ನು ವೈದ್ಯರಿಗೆ ತೋರಿಸಿ. ಮುದ್ದೆ ಕಡಿಮೆ ಮಾಡಿದರೆ ಮಾತ್ರೆಯ ಪ್ರಮಾಣವನ್ನೂ ಬದಲಿಸಬೇಕಾಗಬಹುದು, ಅದನ್ನು ನೀವಾಗಿಯೇ ಮಾಡಬೇಡಿ. ಮತ್ತು ಮುದ್ದೆ ತೊಳಸುವ ಮುಂಚೆ ಒಂದೇ ಒಂದು ಸಲ, ನಿಮ್ಮ ಮನೆಯ ಒಂದು ಮುದ್ದೆಗೆ ಎಷ್ಟು ಗ್ರಾಂ ಹಿಟ್ಟು ಹೋಗುತ್ತದೆ ಎಂದು ತೂಗಿ ನೋಡಿ.